ಅಂಟಿಸಿದ ಮುಖದ ಸುತ್ತ ಗೆರೆ ಯಾಕೆ ಕಾಣುತ್ತೆ? ಫೆದರ್ ಮತ್ತು ಮಾಸ್ಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಸೀಸನ್ ಬಂತು ಅಂದರೆ ಒಂದೇ ಥರದ ಕೆಲಸ ಸಾಲಾಗಿ ಬರುತ್ತದೆ. ಗ್ರೂಪ್ ಫೋಟೋದಲ್ಲಿ ಎಲ್ಲರೂ ಚೆನ್ನಾಗಿ ಬಂದಿರುತ್ತಾರೆ, ಒಬ್ಬರು ಮಾತ್ರ ಕಣ್ಣು ಮುಚ್ಚಿರುತ್ತಾರೆ. ಅದೇ ಸಾಲಿನ ಇನ್ನೊಂದು ಫ್ರೇಮಿನಿಂದ ಅವರ ಮುಖ ತಂದು ಇಲ್ಲಿ ಕೂರಿಸಬೇಕು. ಮುಖ ತರುವುದು ಎರಡು ನಿಮಿಷದ ಕೆಲಸ. ದವಡೆ ಮತ್ತು ಹಣೆಯ ಹತ್ತಿರ ಗೆರೆ ಕಾಣದ ಹಾಗೆ ಮಾಡುವುದಕ್ಕೇ ಸಮಯ ಹಿಡಿಯುವುದು. ಆ ಗೆರೆಯ ಬಗ್ಗೆ ಫೋನಿನಲ್ಲಿ, ಮೆಸೇಜಿನಲ್ಲಿ, ಲ್ಯಾಬಿನಲ್ಲಿ ಎದುರಾದಾಗ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಕೆಲಸ ಮಾಡುವುದು ಫೋಟೋಶಾಪ್‌ನಲ್ಲಿ, ಹಾಗಾಗಿ ಮೆನು ಹೆಸರುಗಳು ಅದರದ್ದೇ. ಗಿಂಪ್‌ನಲ್ಲೂ ಇದೇ ದಾರಿ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

ಫೆದರ್ ಅಂದ್ರೆ ಅಂಚನ್ನು ಬ್ಲರ್ ಮಾಡೋದೇ ಅಲ್ವಾ?

ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ಫೆದರ್ ಫೋಟೋವನ್ನು ಬ್ಲರ್ ಮಾಡುವುದಿಲ್ಲ, ಮಾಸ್ಕನ್ನು ಬ್ಲರ್ ಮಾಡುತ್ತದೆ. ಮಾಸ್ಕ್ ಒಂದು ಕಪ್ಪು ಬಿಳುಪು ಚಿತ್ರ. ಬಿಳಿ ಇದ್ದ ಕಡೆ ಮೇಲಿನ ಲೇಯರ್ ಪೂರ್ತಿ ಕಾಣುತ್ತದೆ, ಕಪ್ಪು ಇದ್ದ ಕಡೆ ಸ್ವಲ್ಪವೂ ಕಾಣುವುದಿಲ್ಲ. ನಡುವೆ ಬೂದು ಬಣ್ಣ ಇದ್ದರೆ ಎರಡೂ ಫೋಟೋ ಬೆರೆತು ಕಾಣುತ್ತವೆ.

ಅಂದರೆ ಫೆದರ್ ಕೊಟ್ಟ ಪಟ್ಟಿಯಲ್ಲಿ ನೀವು ನೋಡುತ್ತಿರುವುದು ಒಂದು ಮುಖವನ್ನಲ್ಲ, ಎರಡು ಮುಖಗಳನ್ನು, ಒಂದರ ಮೇಲೊಂದು. ಎರಡೂ ಆ ಜಾಗದಲ್ಲಿ ಒಂದೇ ಥರ ಇದ್ದರೆ ಬೆರೆತದ್ದು ಕಣ್ಣಿಗೆ ಬೀಳುವುದಿಲ್ಲ. ಬೇರೆ ಥರ ಇದ್ದರೆ ಎಷ್ಟೇ ಫೆದರ್ ಕೊಟ್ಟರೂ ಬೀಳುತ್ತದೆ. ಮುಂದಿನ ಉತ್ತರಗಳೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ಲಾಸೋದಲ್ಲೇ ಫೆದರ್ ಹಾಕಿ ಕಟ್ ಮಾಡಿ ಅಂಟಿಸಿದರೆ ಸಾಲದಾ? ಮಾಸ್ಕ್ ಯಾಕೆ ಬೇಕು?

ಲಾಸೋಗೆ ಮೊದಲೇ ಫೆದರ್ ಕೊಟ್ಟು ಕಟ್ ಮಾಡಿದರೆ ಅಂಚು ಅಲ್ಲಿಗೇ ಮುಗಿಯಿತು. ಆಮೇಲೆ ಗದ್ದದ ಹತ್ತಿರ ಸ್ವಲ್ಪ ಜಾಸ್ತಿ ಬೇಕಿತ್ತು ಅನ್ನಿಸಿದರೆ ತರಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಡೀ ಮುಖದ ಸುತ್ತ ಒಂದೇ ಅಗಲದ ಫೆದರ್ ಬೀಳುತ್ತದೆ. ಆದರೆ ಕೆನ್ನೆಗೆ ಬೇಕಾದ ಫೆದರ್ ಬೇರೆ, ದವಡೆಗೆ ಬೇರೆ, ಕೂದಲಿಗೆ ಬೇರೆ.

ಹಾಗಾಗಿ ತಲೆ, ಕತ್ತು, ಸ್ವಲ್ಪ ಹಿನ್ನೆಲೆ ಎಲ್ಲವನ್ನೂ ಧಾರಾಳವಾಗಿ ಸೇರಿಸಿ ತನ್ನಿ. ಹೊಸ ಲೇಯರ್ ಆಗಿ ಇಡಿ. Alt ಒತ್ತಿಕೊಂಡು ಮಾಸ್ಕ್ ಗುಂಡಿ ಒತ್ತಿದರೆ ಪೂರ್ತಿ ಕಪ್ಪು ಮಾಸ್ಕ್ ಬರುತ್ತದೆ. ಆಮೇಲೆ ಬಿಳಿ ಬ್ರಷ್‌ನಿಂದ ಬೇಕಾದಷ್ಟೇ ಮುಖವನ್ನು ಹೊರಗೆ ತನ್ನಿ. ಜಾಸ್ತಿ ಆದರೆ ಕಪ್ಪು ಬಳಿದು ವಾಪಸ್ ಕಳಿಸಬಹುದು.

ಎಷ್ಟು ಪಿಕ್ಸೆಲ್ ಫೆದರ್ ಇಡಬೇಕು? ಒಂದು ನಂಬರ್ ಹೇಳಿಬಿಡಿ ಸಾರ್.

ನಂಬರ್ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

6000 ಪಿಕ್ಸೆಲ್ ಅಗಲದ ಗ್ರೂಪ್ ಫೋಟೋ ಅಂದುಕೊಳ್ಳಿ. ಸಾಲಿಗೆ 12 ಜನ. ಒಬ್ಬೊಬ್ಬರಿಗೆ 500 ಪಿಕ್ಸೆಲ್ ಜಾಗ ಸಿಕ್ಕಿತು. ಭುಜದಿಂದ ಭುಜಕ್ಕೆ ಇರುವ ಅಗಲದಲ್ಲಿ ಮುಖ ಸುಮಾರು ಮೂರರಲ್ಲಿ ಒಂದು ಪಾಲು. ಅಂದರೆ ಮುಖದ ಅಗಲ 165 ಪಿಕ್ಸೆಲ್ ಆಸುಪಾಸು. ಇಲ್ಲಿ 20 ಪಿಕ್ಸೆಲ್ ಫೆದರ್ ಅಂದರೆ ನಿಜವಾದ ಮುಖದ ಮೇಲೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ಅದು ಗೆರೆಯ ಎರಡೂ ಕಡೆಗೆ ಹರಡುತ್ತದೆ ಬೇರೆ. ಅರ್ಧ ಕೆನ್ನೆ ಹೋಯಿತು. ಅದೇ 20 ಪಿಕ್ಸೆಲ್ಲನ್ನು 1500 ಪಿಕ್ಸೆಲ್ ಅಗಲದ ಮುಖ ಇರುವ ಕ್ಲೋಸ್‌ಅಪ್‌ಗೆ ಕೊಟ್ಟರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

ನಾನು ಮುಖದ ಅಗಲದ ಲೆಕ್ಕದಲ್ಲಿ ಯೋಚಿಸುತ್ತೇನೆ. ಕೆನ್ನೆ, ಹಣೆಯಂಥ ಬಯಲು ಚರ್ಮದ ಮೇಲೆ ಮುಖದ ಅಗಲದ ನೂರಕ್ಕೆ ಐದರಿಂದ ಎಂಟು ಪಾಲು. ಮೇಲಿನ ಗ್ರೂಪ್ ಫೋಟೋಗೆ ಅದು 8ರಿಂದ 13 ಪಿಕ್ಸೆಲ್. ಹೊರ ಅಂಚಿನಲ್ಲಿ, ಅಂದರೆ ಮುಖ ಮುಗಿದು ಹಿನ್ನೆಲೆ ಶುರುವಾಗುವ ಕಡೆ, ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅದೇ ಫೋಟೋದ ಬೇರೆ ಅಂಚುಗಳು ಎಷ್ಟು ಮೃದುವಾಗಿವೆಯೋ ಅಷ್ಟೇ ಮೃದು ಇರಬೇಕು. ಶೇಕಡಾ 200ಕ್ಕೆ ಜೂಮ್ ಮಾಡಿ ಪಕ್ಕದವರ ಭುಜದ ಅಂಚು ನೋಡಿ. ಬಟ್ಟೆಯಿಂದ ಹಿನ್ನೆಲೆಗೆ ಎರಡು ಮೂರು ಪಿಕ್ಸೆಲ್‌ನಲ್ಲಿ ದಾಟುತ್ತಿದ್ದರೆ ನಿಮ್ಮ ಅಂಚಿಗೂ ಒಂದು ಪಿಕ್ಸೆಲ್ ಫೆದರ್ ಸಾಕು.

ಫೆದರ್ ಜಾಸ್ತಿ ಮಾಡಿದಷ್ಟೂ ಮುಖದ ಸುತ್ತ ಮಂಜು ಕವಿದ ಹಾಗೆ ಕಾಣುತ್ತೆ. ಯಾಕೆ?

ಬಣ್ಣ ಅಥವಾ ಬೆಳಕು ಹೊಂದಿಲ್ಲ, ಅದಕ್ಕೆ. ಗೆರೆ ಕಂಡ ತಕ್ಷಣ ಎಲ್ಲರ ಕೈಯೂ ಮೊದಲು ಫೆದರ್ ಸ್ಲೈಡರ್‌ಗೆ ಹೋಗುತ್ತದೆ. ತಂದ ಮುಖ ಕೆಳಗಿನದಕ್ಕಿಂತ ಸ್ವಲ್ಪ ಕಪ್ಪಗಿದ್ದರೆ, ಫೆದರ್ ಆ ವ್ಯತ್ಯಾಸವನ್ನು ಅಳಿಸುವುದಿಲ್ಲ. ಅಗಲ ಪಟ್ಟಿಯಾಗಿ ಹರಡುತ್ತದೆ, ಅಷ್ಟೇ. ಸಣ್ಣ ಗೆರೆ ಹೋಗಿ ದೊಡ್ಡ ಕಲೆ ಬರುತ್ತದೆ.

ಪರೀಕ್ಷೆ ಸುಲಭ. ಫೆದರ್ ಪೂರ್ತಿ ತೆಗೆದುಬಿಡಿ. ಗಟ್ಟಿ ಅಂಚಿನಲ್ಲೇ ಕೆನ್ನೆಯ ಬಣ್ಣ ಎರಡೂ ಕಡೆ ಒಂದೇ ಆಗುವವರೆಗೆ ಕರ್ವ್ಸ್ ಆಡಿಸಿ. ಗಟ್ಟಿ ಅಂಚಿನಲ್ಲಿ ಗೆರೆ ಹುಡುಕಿ ನೋಡಬೇಕಾದಷ್ಟು ಸಣ್ಣದಾದ ಮೇಲೆ ಫೆದರ್ ಕೊಡಿ. ಈ ಒಂದು ಅಭ್ಯಾಸ ಬಂದರೆ ಸಾಕು, ನಿಮಗೆ ಬೇಕಾಗುವ ಫೆದರ್ ಅರ್ಧಕ್ಕಿಂತ ಕಡಿಮೆ ಆಗುತ್ತದೆ.

## ದವಡೆ ಮತ್ತು ಕತ್ತು

ಗದ್ದದ ಕೆಳಗೆ ಇನ್ನೊಂದು ಗದ್ದ ಕಾಣ್ತಿದೆ. ಫೆದರ್ ಏನು ಮಾಡಿದರೂ ಹೋಗ್ತಿಲ್ಲ.

ಕೆಳಗಿನ ಫೋಟೋದ ಗದ್ದ ಅದು. ತಂದ ಮುಖ ಸ್ವಲ್ಪ ಮೇಲೆ ಕೂತಿದೆ ಅಥವಾ ಸ್ವಲ್ಪ ಚಿಕ್ಕದಿದೆ. ಹಳೆಯ ದವಡೆ ಹೊಸದರ ಹೊರಗೆ ಇಣುಕುತ್ತಿದೆ. ಇದನ್ನು ಮಾಸ್ಕ್‌ನಿಂದ ಸರಿಮಾಡಲು ಹೋಗಬೇಡಿ. ಮೊದಲು ಜಾಗ ಸರಿಮಾಡಿ.

ಮಾಸ್ಕ್ ಹಾಕುವ ಮೊದಲೇ ಮೇಲಿನ ಲೇಯರನ್ನು Difference ಮೋಡ್‌ಗೆ ಹಾಕಿ. ಎರಡು ಚಿತ್ರ ಎಲ್ಲಿ ಹೊಂದುತ್ತವೋ ಅಲ್ಲಿ ಕಪ್ಪಾಗುತ್ತದೆ, ಹೊಂದದ ಕಡೆ ಬಿಳಿ ಗೆರೆಗಳು ಮೂಡುತ್ತವೆ. Ctrl+T ಒತ್ತಿ ಸರಿಸಿ, ತಿರುಗಿಸಿ, ಆ ಗೆರೆಗಳು ಸಣ್ಣದಾಗುವವರೆಗೆ ಹೊಂದಿಸಿ. ಕಣ್ಣಿನ ರೆಪ್ಪೆ ನೋಡಿ ಹೊಂದಿಸಬೇಡಿ, ಕೆಳಗಿನ ಫೋಟೋದಲ್ಲಿ ಅದು ಮುಚ್ಚಿದೆಯಲ್ಲ. ಮೂಗಿನ ಬುಡ, ಕಣ್ಣಿನ ಮೂಲೆಗಳು, ಕಿವಿಯ ಕೆಳತುದಿ, ಇವು ನಂಬಬಹುದಾದ ಗುರುತುಗಳು. ನಗುವಾಗ ಗದ್ದ ಕೆಳಗಿಳಿಯುತ್ತದೆ, ಹಾಗಾಗಿ ಗದ್ದ ಮಾತ್ರ ನೋಡಿ ಹೊಂದಿಸಿದರೂ ಮೋಸ.

ಎಲ್ಲ ಹೊಂದಿಸಿದ ಮೇಲೂ ದವಡೆ ಹೊರಗೆ ಇಣುಕುತ್ತಿದ್ದರೆ ಎರಡು ದಾರಿ. ಹೊಸ ಲೇಯರ್ ಮೇಲೆ ಕ್ಲೋನ್ ಸ್ಟಾಂಪ್‌ನಿಂದ ಹಳೆಯ ದವಡೆಯನ್ನು ಕತ್ತಿನ ಚರ್ಮದಿಂದ ಮುಚ್ಚಬಹುದು. ಅಥವಾ ಕತ್ತನ್ನೂ ಹೊಸ ಫ್ರೇಮಿನಿಂದಲೇ ತಂದು ಕಾಲರ್ ಹತ್ತಿರ ಸೇರಿಸಬಹುದು. ಆದಷ್ಟೂ ನನ್ನ ಓಟು ಎರಡನೆಯದಕ್ಕೆ.

ಹಾಗಾದ್ರೆ ಮಾಸ್ಕಿನ ಅಂಚನ್ನು ದವಡೆ ಗೆರೆಯ ಮೇಲೇ ಓಡಿಸಬೇಕಾ, ಅದರ ಒಳಗಾ, ಹೊರಗಾ?

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕ ದಿನ ನನ್ನ ಕೆಲಸವೇ ಬದಲಾಯಿತು.

ದವಡೆಯ ಗೆರೆ ಫೋಟೋದಲ್ಲಿ ನಿಜವಾದ ಅಂಚು. ಮೇಲೆ ಬೆಳಕು ಬಿದ್ದ ಚರ್ಮ, ಕೆಳಗೆ ಕತ್ತಿನ ನೆರಳು. ಅದರ ಮೇಲೇ ಅಗಲವಾದ ಫೆದರ್ ಓಡಿಸಿದರೆ ಆ ಅಂಚು ಕರಗಿ ಹೋಗುತ್ತದೆ, ಮುಖ ಕತ್ತಿಗೆ ಅಂಟಿಕೊಂಡ ಮೇಣದ ಬೊಂಬೆಯ ಹಾಗಾಗುತ್ತದೆ. ದವಡೆಯ ಒಳಗೆ, ಕೆನ್ನೆಯ ಕೆಳಭಾಗದಲ್ಲಿ ಓಡಿಸಿದರೆ ದವಡೆ ಕೆಳಗಿನ ಫೋಟೋದ್ದೇ ಉಳಿಯುತ್ತದೆ. ಎರಡು ಫ್ರೇಮುಗಳಲ್ಲೂ ಬಾಯಿ ಒಂದೇ ಥರ ಇದ್ದರೆ ಇದೇ ಅತಿ ಸುಲಭದ ದಾರಿ. ಕೆನ್ನೆಯ ಚರ್ಮ ಬಯಲು, ಅಲ್ಲಿ ಅಗಲ ಫೆದರ್ ಕೊಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಒಂದರಲ್ಲಿ ನಗುತ್ತಿದ್ದು ಇನ್ನೊಂದರಲ್ಲಿ ಬಾಯಿ ಮುಚ್ಚಿದ್ದರೆ ಕೆನ್ನೆ ಮತ್ತು ದವಡೆ ಎರಡೂ ಬೇರೆ ಆಕಾರದಲ್ಲಿರುತ್ತವೆ. ಆಗ ದವಡೆಯನ್ನು ಪೂರ್ತಿ ದಾಟಿ ಕೆಳಗಿನ ನೆರಳಿಗೆ ಇಳಿಯಿರಿ. ಗದ್ದದ ಅಡಿಯ ನೆರಳಿನಲ್ಲಿ ಚರ್ಮದ ವಿವರ ಕಡಿಮೆ, ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಕತ್ತಿನ ಮಡಿಕೆ, ಕರಿಮಣಿ ಸರ, ಶರ್ಟಿನ ಕಾಲರ್, ಶಲ್ಯದ ಅಂಚು ಇವೆಲ್ಲ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಮೊದಲೇ ಒಂದು ಗೆರೆ ಇದೆ, ನಿಮ್ಮ ಗೆರೆ ಅದರ ಹಿಂದೆ ಅಡಗಿಕೊಳ್ಳುತ್ತದೆ. ಅಂಥ ಕಡೆ ಫೆದರ್ ಸಣ್ಣದಿರಲಿ, ಒಂದೆರಡು ಪಿಕ್ಸೆಲ್.

ಮುಖ ಸರಿಯಿದೆ, ಆದ್ರೆ ಕತ್ತಿನ ಬಣ್ಣ ಬೇರೆ ಕಾಣುತ್ತೆ. ಎರಡೂ ಒಂದೇ ವ್ಯಕ್ತಿಯದ್ದೇ!

ವ್ಯಕ್ತಿ ಒಂದೇ, ಬೆಳಕು ಒಂದೇ ಅಲ್ಲ. ಮಂಟಪದಲ್ಲಿ ಒಂದು ಫ್ರೇಮಿಗೆ ಫ್ಲ್ಯಾಶ್ ಪೂರ್ತಿ ಹತ್ತಿರುತ್ತದೆ, ಮುಂದಿನದಕ್ಕೆ ಚಾರ್ಜ್ ಆಗುವ ಮೊದಲೇ ಬಟನ್ ಒತ್ತಿರುತ್ತೇವೆ. ಆಗ ಆ ಫ್ರೇಮಿನಲ್ಲಿ ಸ್ಟೇಜಿನ ಹಳದಿ ಬೆಳಕಿನ ಪಾಲು ಜಾಸ್ತಿ.

ಮುಖದ ಲೇಯರ್ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ, Ctrl+Alt+G ಒತ್ತಿ ಅದಕ್ಕೆ ಮಾತ್ರ ತಗಲುವ ಹಾಗೆ ಮಾಡಿ. ಮೊದಲು ಬೆಳಕು ಮಾತ್ರ ಹೊಂದಿಸಿ. ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು ಕಪ್ಪು ಬಿಳುಪು ಲೇಯರ್ ಇಟ್ಟುಕೊಂಡರೆ ಬಣ್ಣ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಬೆಳಕು ಸರಿಯಾದ ಮೇಲೆ ಅದನ್ನು ತೆಗೆದು ಬಣ್ಣಕ್ಕೆ ಬನ್ನಿ. ನಮ್ಮ ಚರ್ಮದಲ್ಲಿ ಸಾಮಾನ್ಯವಾಗಿ ಹಳದಿಯ ವ್ಯತ್ಯಾಸ ಇರುತ್ತದೆ, ಅದಕ್ಕೆ ನೀಲಿ ಚಾನೆಲ್‌ನ ಕರ್ವ್ ಆಡಿಸಿದರೆ ಸರಿಹೋಗುತ್ತದೆ. ನೋಡಬೇಕಾದ್ದು ಕೆನ್ನೆ ಮತ್ತು ಕಿವಿಯ ಕೆಳಗಿನ ಕತ್ತು. ಗದ್ದದ ಅಡಿಯ ನೆರಳಿನ ಜೊತೆ ಕೆನ್ನೆಯನ್ನು ಹೋಲಿಸಬೇಡಿ, ಅದು ನಿಜವಾದ ಫೋಟೋದಲ್ಲೂ ಬೇರೆಯೇ ಇರುತ್ತದೆ.

ಬೆಳಕಿನ ದಿಕ್ಕೇ ಬೇರೆ ಇದ್ದರೆ, ಅಂದರೆ ಒಂದರಲ್ಲಿ ಎಡಗೆನ್ನೆ ಬೆಳಗಿದ್ದು ಇನ್ನೊಂದರಲ್ಲಿ ಬಲಗೆನ್ನೆ ಬೆಳಗಿದ್ದರೆ, ಕರ್ವ್ಸ್ ಕೈಕೊಡುತ್ತದೆ. ಬೇರೆ ಫ್ರೇಮ್ ಹುಡುಕಿ.

## ಹಣೆ ಮತ್ತು ಕೂದಲು

ಹಣೆಯ ಮೇಲೆ ವಿಗ್ ಇಟ್ಟ ಹಾಗೆ ಕಾಣ್ತಿದೆ. ಕೂದಲಿನ ಗೆರೆಯನ್ನು ಹೇಗೆ ಮೃದು ಮಾಡೋದು?

ಮೃದು ಮಾಡಲೇಬೇಡಿ, ಅದನ್ನು ಮುಟ್ಟಲೇಬೇಡಿ. ಬೇಕಾಗಿರುವುದು ಕಣ್ಣು ಮತ್ತು ಬಾಯಿ. ಕೂದಲು ಕೆಳಗಿನ ಫೋಟೋದಲ್ಲಿ ಆಗಲೇ ಚೆನ್ನಾಗಿದೆ. ಮಾಸ್ಕಿನ ಅಂಚನ್ನು ಹುಬ್ಬಿಗೂ ಕೂದಲಿಗೂ ನಡುವೆ, ಬಯಲು ಹಣೆಯ ಮೇಲೆ ಓಡಿಸಿ. ಅಲ್ಲಿ ಅಗಲ ಫೆದರ್ ಆರಾಮಾಗಿ ಕೂರುತ್ತದೆ.

ಕೂದಲಿನ ಬುಡದಲ್ಲಿ ಚರ್ಮ ಮತ್ತು ಕೂದಲು ಒಂದು ಗೆರೆಯಲ್ಲಿ ಭಾಗವಾಗುವುದಿಲ್ಲ. ಸಣ್ಣ ಸಣ್ಣ ಎಳೆಗಳು ಹಣೆಗೆ ಇಳಿದಿರುತ್ತವೆ, ನಡುನಡುವೆ ಚರ್ಮ ಕಾಣುತ್ತದೆ. ಎರಡು ಫ್ರೇಮಿನ ಎಳೆಗಳು ಒಂದರ ಮೇಲೊಂದು ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಫೆದರ್ ಕೊಟ್ಟರೆ ಎಳೆಗಳು ಎರಡೆರಡಾಗಿ, ಅರೆಬರೆಯಾಗಿ ಕಾಣುತ್ತವೆ. ನೀವು ವಿಗ್ ಅಂದದ್ದು ಅದನ್ನೇ.

ಹಣೆಯಲ್ಲಿ ಒಂದು ಅಪಾಯ ಮಾತ್ರ ಇದೆ. ಕುಂಕುಮ. ಒಮ್ಮೆ ನಾನು ಅಂಚನ್ನು ಕುಂಕುಮದ ಮೇಲೇ ಓಡಿಸಿ ಆಲ್ಬಂ ಪ್ರಿಂಟಿಗೆ ಕಳಿಸಿಬಿಟ್ಟಿದ್ದೆ. ಎರಡು ಫ್ರೇಮಿನ ಕುಂಕುಮ ನಾಲ್ಕು ಪಿಕ್ಸೆಲ್ ಆಚೀಚೆ ಇತ್ತು. ಪ್ರಿಂಟಿನಲ್ಲಿ ಆ ಹೆಂಗಸಿಗೆ ಒಂದೂವರೆ ಕುಂಕುಮ ಬಂದಿತ್ತು. ಮನೆಯವರು ನಕ್ಕರು, ನಾನು ಪುಟ ಮತ್ತೆ ಹಾಕಿಸಿಕೊಟ್ಟೆ. ಕುಂಕುಮ, ವಿಭೂತಿ, ನಾಮ ಯಾವುದೇ ಇರಲಿ, ಪೂರ್ತಿ ಒಳಗೆ ತೆಗೆದುಕೊಳ್ಳಿ ಅಥವಾ ಪೂರ್ತಿ ಹೊರಗೆ ಬಿಡಿ.

ತಲೆ ತಿರುಗಿದೆ, ಹಣೆ ಮಾತ್ರ ತಂದರೆ ಹೊಂದಲ್ಲ. ಕೂದಲು ಸಮೇತ ತಲೆಯನ್ನೇ ತರಬೇಕು. ಆಗ?

ಆಗ ನಿಜವಾದ ಕೆಲಸ ಶುರುವಾಗುತ್ತದೆ. ಆದರೂ ಮೊದಲು ಒಂದು ಸುಲಭ ದಾರಿ ನೋಡಿ. ಎರಡು ಫ್ರೇಮೂ ಒಂದೇ ಸ್ಟೇಜಿನದ್ದಾದರೆ ತಲೆಯ ಹಿಂದಿನ ಹಿನ್ನೆಲೆಯೂ ಒಂದೇ. ಹಾಗಿದ್ದಾಗ ಕೂದಲನ್ನು ಬಿಡಿಸಿ ತೆಗೆಯುವ ಹಟ ಯಾಕೆ? ತಲೆಯ ಸುತ್ತ ಅಂಗೈ ಅಗಲದ ಹಿನ್ನೆಲೆಯನ್ನೂ ಸೇರಿಸಿ ತನ್ನಿ, ಫೆದರನ್ನು ಹಿನ್ನೆಲೆಯ ಮೇಲೆ ಓಡಿಸಿ. ಕೂದಲಿನ ಒಂದು ಎಳೆಯನ್ನೂ ಮುಟ್ಟಬೇಕಾಗುವುದಿಲ್ಲ.

ಹಿನ್ನೆಲೆ ಬೇರೆ ಇದ್ದರೆ, ಅಥವಾ ಹಿಂದೆ ಇನ್ನೊಬ್ಬರ ಸೀರೆ ಇದ್ದರೆ, ಈ ದಾರಿ ಮುಚ್ಚಿತು. ಆಗ ಕೂದಲಿಗೆ ಚಾನೆಲ್‌ನಿಂದ ಮಾಸ್ಕ್ ಮಾಡುವುದು ನನಗೆ ಇಷ್ಟ. ಚಾನೆಲ್ಸ್‌ನಲ್ಲಿ ಕಪ್ಪು ಕೂದಲಿಗೂ ಹಿನ್ನೆಲೆಗೂ ಅತಿ ಹೆಚ್ಚು ವ್ಯತ್ಯಾಸ ಇರುವುದನ್ನು ಆರಿಸಿ. ತಿಳಿ ಹಿನ್ನೆಲೆ ಇದ್ದರೆ ಹೆಚ್ಚಾಗಿ ನೀಲಿ ಚಾನೆಲ್. ಅದರ ನಕಲು ಮಾಡಿ, Ctrl+I ಒತ್ತಿ ತಿರುವಿ ಹಾಕಿ, Levels ಎರಡೂ ಕಡೆಯಿಂದ ಒತ್ತಿ ಕೂದಲು ಬಿಳಿ, ಹಿನ್ನೆಲೆ ಕಪ್ಪು ಆಗುವಂತೆ ಮಾಡಿ. ಪೂರ್ತಿ ಬಿಳಿ ಆಗುವವರೆಗೆ ಒತ್ತಬೇಡಿ. ತುದಿಯ ಎಳೆಗಳು ಬೂದಾಗಿಯೇ ಇರಲಿ, ಅವು ನಿಜವಾಗಿಯೂ ಅರೆಪಾರದರ್ಶಕ. ಮುಖದ ಒಳಭಾಗವನ್ನು ಬಿಳಿ ಬ್ರಷ್‌ನಿಂದ ತುಂಬಿ.

Select and Mask ಒಳಗಿನ Refine Edge ಬ್ರಷ್ ಇದೇ ಕೆಲಸವನ್ನು ಬೇಗ ಮಾಡುತ್ತದೆ, ಹಿನ್ನೆಲೆ ಸಮವಾಗಿದ್ದರೆ. ಅದನ್ನು ಕೂದಲಿನ ತುದಿಯ ಮೇಲೆ ಮಾತ್ರ ಎಳೆಯಿರಿ. ದವಡೆಯ ಮೇಲೆ ಎಳೆದರೆ ಚರ್ಮದಲ್ಲಿ ತೂತು ಬೀಳುತ್ತದೆ.

ಕೂದಲ ಸುತ್ತ ಬಿಳಿ ಗೆರೆ ಬಂದಿದೆ, ದೇವರ ಫೋಟೋದ ಪ್ರಭಾವಳಿ ಥರ.

ಹಳೆಯ ಹಿನ್ನೆಲೆಯ ಬಣ್ಣ ಎಳೆಗಳಿಗೆ ಅಂಟಿಕೊಂಡು ಬಂದಿದೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಕೂದಲೂ ಇರುತ್ತದೆ, ಹಿಂದಿನ ಬೆಳಕೂ ಇರುತ್ತದೆ. ಮಾಸ್ಕ್ ಎಷ್ಟು ಸರಿಯಿದ್ದರೂ ಅದು ಬಣ್ಣವನ್ನು ಬದಲಿಸಲಾರದು.

ಮೊದಲು ಅಂಚನ್ನು ಸ್ವಲ್ಪ ಒಳಗೆ ಸರಿಸಿ ನೋಡಿ. Select and Mask ನಲ್ಲಿ Shift Edge ಇದೆ, ಮೈನಸ್ ಕಡೆಗೆ ಎಳೆಯಿರಿ. ದವಡೆಗೆ ಅಷ್ಟೇ ಸಾಕಾಗುತ್ತದೆ. ಕೂದಲಿಗೆ ಜಾಸ್ತಿ ಎಳೆದರೆ ಎಳೆಗಳೇ ಮಾಯವಾಗಿ ಹೆಲ್ಮೆಟ್ ಹಾಕಿದ ಹಾಗಾಗುತ್ತದೆ. ಕೂದಲಿಗೆ ಬಣ್ಣ ಬಳಿಯುವುದೇ ಸರಿ. ಮುಖದ ಲೇಯರಿಗೆ ಕ್ಲಿಪ್ ಆದ ಖಾಲಿ ಲೇಯರ್ ಹಾಕಿ, ಮೋಡ್ Darken ಇಡಿ. ಪಕ್ಕದ ಕೂದಲಿನ ಬಣ್ಣ ತೆಗೆದುಕೊಂಡು ಮೆತ್ತನೆ ಬ್ರಷ್‌ನಿಂದ ಅಂಚಿನ ಮೇಲೆ ಬಳಿಯಿರಿ. ಬಿಳಿ ಗೆರೆ ಕಪ್ಪಾಗುತ್ತದೆ, ಕಪ್ಪು ಎಳೆಗಳು ಹಾಗೇ ಉಳಿಯುತ್ತವೆ.

## ಒಂದು ಕೆಲಸ, ಮೊದಲಿಂದ ಕೊನೆವರೆಗೆ

ಮಾತಲ್ಲಿ ಅರ್ಥ ಆಯ್ತು, ಕೈಯಲ್ಲಿ ಬರ್ತಿಲ್ಲ. ಒಂದು ನಿಜವಾದ ಫೋಟೋ ಹಿಡಿದು ಹೇಳ್ತೀರಾ?

ಹೋದ ವರ್ಷದ ಒಂದು ಮದುವೆ. 6000 × 4000 ಪಿಕ್ಸೆಲ್ ಫೋಟೋ, ಎರಡು ಸಾಲಿನಲ್ಲಿ 24 ಜನ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತ ಹುಡುಗಿಯ ಅಜ್ಜಿ ಕಣ್ಣು ಮುಚ್ಚಿದ್ದರು. ಕನ್ನಡಕ ಇತ್ತು, ಕತ್ತಿನಲ್ಲಿ ಹವಳದ ಸರ ಇತ್ತು. ಬೇರೆ ಎರಡು ಫ್ರೇಮುಗಳಲ್ಲಿ ಒಂದರಲ್ಲಿ ಅವರು ನಗುತ್ತಿದ್ದರು, ಆದರೆ ತಲೆ ಸ್ವಲ್ಪ ಓರೆ, ಫ್ಲ್ಯಾಶ್ ಕಮ್ಮಿ.

ತಲೆ, ಭುಜ, ಕುರ್ಚಿಯ ಬೆನ್ನು ಎಲ್ಲ ಸೇರಿಸಿ ತಂದೆ. Difference ಮೋಡ್‌ನಲ್ಲಿ ಮೂಗಿನ ಬುಡ ಮತ್ತು ಕಿವಿಯ ಓಲೆಗಳನ್ನು ಹೊಂದಿಸಿದೆ. ಮೂರು ಡಿಗ್ರಿ ತಿರುಗಿಸಬೇಕಾಯಿತು. ಅಳತೆ ಬದಲಿಸಲಿಲ್ಲ, ಕ್ಯಾಮೆರಾ ಟ್ರೈಪಾಡ್ ಮೇಲೇ ಇತ್ತು. ಆಮೇಲೆ ಕರ್ವ್ಸ್‌ನಲ್ಲಿ ಬೆಳಕು ಏರಿಸಿ, ನೀಲಿ ಚಾನೆಲ್ ಸ್ವಲ್ಪ ಮೇಲೆತ್ತಿ ಹಳದಿ ತೆಗೆದೆ. ಇಷ್ಟಾಗುವವರೆಗೆ ಮಾಸ್ಕ್ ಹಾಕಿಯೇ ಇರಲಿಲ್ಲ.

ನಂತರ ಕಪ್ಪು ಮಾಸ್ಕ್. ಬ್ರಷ್ ಹಾರ್ಡ್‌ನೆಸ್ ಸೊನ್ನೆ, ಸೈಜ್ 25. ಇಂಥ ಬ್ರಷ್ ನಡುವಿನಿಂದ ಅಂಚಿಗೆ ಸುಮಾರು 12 ಪಿಕ್ಸೆಲ್‌ನಲ್ಲಿ ಮಸುಕಾಗುತ್ತದೆ, ಅಂದರೆ ಬ್ರಷ್ಷೇ ನನ್ನ ಫೆದರ್. ಕಣ್ಣು, ಮೂಗು, ಬಾಯಿ ಬಳಿದೆ. ಹಣೆಯಲ್ಲಿ ಕುಂಕುಮದ ಮೇಲಕ್ಕೆ ಹೋಗಿ, ಕೂದಲಿಗೆ ಇನ್ನೂ ಜಾಗ ಇರುವಾಗಲೇ ನಿಲ್ಲಿಸಿದೆ.

ಕನ್ನಡಕದ ಫ್ರೇಮನ್ನು ಪೂರ್ತಿ ಒಳಗೆ ತೆಗೆದುಕೊಂಡೆ. ಅದರ ಕಡ್ಡಿ ಮಾತ್ರ ತೊಂದರೆ ಕೊಟ್ಟಿತು. ಹಳೆಯ ಕಡ್ಡಿಯೂ ಹೊಸ ಕಡ್ಡಿಯೂ ಕಿವಿಯ ಹತ್ತಿರ ಎರಡು ಗೆರೆಯಾಗಿ ನಿಂತವು. ಅಲ್ಲಿ ಸೈಜ್ 5ರ ಗಟ್ಟಿ ಬ್ರಷ್‌ಗೆ ಬದಲಾಯಿಸಿ, ಕಡ್ಡಿ ಕೂದಲಿನೊಳಗೆ ಹೋಗುವ ಜಾಗದವರೆಗೂ ಹೊಸದನ್ನೇ ತಂದೆ. ಉಳಿದ ಹಳೆಯದನ್ನು ಕ್ಲೋನ್ ಮಾಡಿ ಮುಚ್ಚಿದೆ.

ನಗುವಿನಿಂದ ದವಡೆ ಅಗಲವಾಗಿತ್ತು. ಹಾಗಾಗಿ ಗದ್ದ ದಾಟಿ ನೆರಳಿಗಿಳಿದು, ಹವಳದ ಸರದ ಮೇಲಂಚಿನಲ್ಲಿ ನಿಲ್ಲಿಸಿದೆ. ಬಲಗಡೆ ಹೊಸ ದವಡೆಯ ಹೊರಗೆ ಹಿಂದಿನ ಕುರ್ಚಿ ಇತ್ತು. ಅಲ್ಲಿ ಮೆತ್ತನೆ ಬ್ರಷ್ ಕೆನ್ನೆಯ ಹೊರ ಅಂಚನ್ನು ಹೊಗೆಯ ಹಾಗೆ ಮಾಡಿಬಿಟ್ಟಿತ್ತು. ಆ ಭಾಗವನ್ನಷ್ಟೇ ಒಂದು ಪಿಕ್ಸೆಲ್ ಫೆದರಿನ ಲಾಸೋದಿಂದ ಆರಿಸಿ ಮಾಸ್ಕ್‌ನಲ್ಲಿ ಕಪ್ಪು ತುಂಬಿದೆ. ಹೊಗೆ ಹೋಗಿ ಅಂಚು ಬಂತು. ಒಟ್ಟು ಇಪ್ಪತ್ತು ನಿಮಿಷ ಹಿಡಿಯಿತು, ಅದರಲ್ಲಿ ಎಂಟು ನಿಮಿಷ ಕನ್ನಡಕದ ಕಡ್ಡಿಗೇ ಹೋಯಿತು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಬಣ್ಣ ಸರಿಯಿದೆ, ಜಾಗ ಸರಿಯಿದೆ, ಆದ್ರೂ ದೊಡ್ಡ ಪ್ರಿಂಟಲ್ಲಿ ಮುಖದ ಸುತ್ತ ನುಣ್ಣಗಿನ ಪಟ್ಟಿ ಕಾಣುತ್ತೆ.

ನೋಯ್ಸ್. ಕಡಿಮೆ ಬೆಳಕಿನಲ್ಲಿ ಐಎಸ್ಒ ಏರಿಸಿ ತೆಗೆದ ಫೋಟೋದಲ್ಲಿ ಎಲ್ಲ ಕಡೆ ಸಣ್ಣ ಕಾಳು ಇರುತ್ತದೆ. ಎರಡು ಫ್ರೇಮಿನ ಕಾಳುಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬಿದ್ದಿರುತ್ತವೆ. ಫೆದರ್ ಪಟ್ಟಿಯ ನಡುವೆ ಎರಡೂ ಅರ್ಧರ್ಧ ಬೆರೆತಾಗ ಕಾಳುಗಳು ಒಂದನ್ನೊಂದು ಸ್ವಲ್ಪ ಅಳಿಸುತ್ತವೆ. ಲೆಕ್ಕದ ಪ್ರಕಾರ ಅಲ್ಲಿ ನೋಯ್ಸ್ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಹಾಗಾಗಿ ಸುತ್ತ ಕಾಳು ಕಾಳಾದ ಚರ್ಮ, ನಡುವೆ ನುಣ್ಣಗಿನ ಪಟ್ಟಿ. ಫೆದರ್ ಅಗಲ ಆದಷ್ಟೂ ಪಟ್ಟಿ ಅಗಲ.

ಫೆದರನ್ನು ಸಣ್ಣದು ಮಾಡಿದರೆ ಪಟ್ಟಿಯೂ ಸಣ್ಣದಾಗುತ್ತದೆ. ಅದು ಆಗದಿದ್ದರೆ ಮೇಲೆ Overlay ಮೋಡ್‌ನ ಶೇಕಡಾ 50 ಬೂದು ಲೇಯರ್ ಇಟ್ಟು, ಅದಕ್ಕೆ Add Noise ಕೊಟ್ಟು, ಆ ಪಟ್ಟಿಗೆ ಮಾತ್ರ ಕಾಣುವಂತೆ ಮಾಸ್ಕ್ ಮಾಡಿ.

ತೀರಿಹೋದ ಅಪ್ಪನ ಹಳೇ ಫೋಟೋದಿಂದ ಮುಖ ತಂದು ಮದುವೆ ಫೋಟೋಗೆ ಸೇರಿಸಬೇಕು. ಇದೇ ವಿಧಾನ ಸಾಕಾ?

ಈ ಕೆಲಸ ಬಂದಾಗ ನಾನು ಮೊದಲೇ ಮನೆಯವರಿಗೆ ಮಿತಿ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್ ಸೈಜಿನ ಹಳೆಯ ಪ್ರಿಂಟ್ ಸ್ಕ್ಯಾನ್ ಮಾಡಿದರೆ ಮುಖದಲ್ಲಿ ವಿವರ ಕಡಿಮೆ. ಅಂಚು ಎಷ್ಟೇ ಚೆನ್ನಾಗಿದ್ದರೂ, ಪಕ್ಕದಲ್ಲಿ ಚೂಪಾಗಿ ಬಂದ ಮುಖಗಳ ನಡುವೆ ಮೆತ್ತನೆಯ ಮುಖ ಬೇರೆಯಾಗಿ ಕಾಣುತ್ತದೆ. ಅಲ್ಲಿ ಗೆರೆಯನ್ನು ದೂರಿ ಪ್ರಯೋಜನ ಇಲ್ಲ.

ಹಳೆಯದನ್ನು ಚೂಪು ಮಾಡಲು ಹೋದರೆ ಅಂಚಿನಲ್ಲಿ ಬಿಳಿ ಗೆರೆ ಏಳುತ್ತದೆ. ನಾನು ಮಾಡುವುದು ಇಷ್ಟು. ಆಲ್ಬಮ್ಮಿನಲ್ಲಿ ಚಿಕ್ಕದಾಗಿ ಬರುವ ಫೋಟೋವನ್ನೇ ಆರಿಸುತ್ತೇನೆ. ಮುಖ ಮಾತ್ರ ತರದೆ ಕೂದಲು, ಕತ್ತು, ಕಾಲರ್ ಸಮೇತ ತರುತ್ತೇನೆ. ಕೊನೆಯಲ್ಲಿ ಇಡೀ ಫೋಟೋಗೆ ಒಂದೇ ಥರದ ತೆಳು ನೋಯ್ಸ್ ಹಾಕುತ್ತೇನೆ. ಮನೆಯವರೇ ತಂದು ಕೇಳಿದರೆ ಮಾತ್ರ ಈ ಕೆಲಸ ಮಾಡುತ್ತೇನೆ. ಬೇರೆಯವರ ಮುಖವನ್ನು ಅವರಿಗೆ ಗೊತ್ತಿಲ್ಲದೆ ಇನ್ನೊಂದು ಮೈಮೇಲೆ ಕೂರಿಸಿ ಅಂತ ಬರುವವರೂ ಇದ್ದಾರೆ. ಅಂಥವರನ್ನು ವಾಪಸ್ ಕಳಿಸುತ್ತೇನೆ.

ಬಣ್ಣಕ್ಕೆ ಅಗಲ ಫೆದರ್, ಚರ್ಮದ ವಿವರಕ್ಕೆ ಸಣ್ಣ ಫೆದರ್, ಎರಡೂ ಒಟ್ಟಿಗೆ ಕೊಡೋಕೆ ಆಗುತ್ತಾ?

ಆಗುತ್ತದೆ, ಈ ಯೋಚನೆ ಹಳೆಯದು. 1983ರಲ್ಲಿ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಅಡೆಲ್ಸನ್ ಇದನ್ನು ಬರೆದರು. ಅರ್ಧ ಸೇಬು, ಅರ್ಧ ಕಿತ್ತಳೆ ಸೇರಿಸಿ ಒಂದೇ ಹಣ್ಣಿನ ಹಾಗೆ ತೋರಿಸಿದ್ದರು. ಚಿತ್ರವನ್ನು ಒರಟು ಭಾಗದಿಂದ ಸೂಕ್ಷ್ಮ ಭಾಗದವರೆಗೆ ಪದರ ಪದರವಾಗಿ ಬಿಡಿಸಬೇಕು. ಒರಟು ಪದರವನ್ನು ಅಗಲವಾಗಿ, ಸೂಕ್ಷ್ಮ ಪದರವನ್ನು ಸಣ್ಣದಾಗಿ ಬೆರೆಸಬೇಕು.

ಫೋಟೋಶಾಪ್‌ನಲ್ಲಿ ಕೈಯಿಂದ ಮಾಡುವುದಾದರೆ ಫ್ರೀಕ್ವೆನ್ಸಿ ಸೆಪರೇಶನ್ ಬಳಸಿ ಎರಡು ಪದರ ಮಾಡಿ. ಎಲ್ಲರೂ ಎಡವುವುದು ಇಲ್ಲಿ: ತಂದ ಮುಖವನ್ನು ಮಾತ್ರ ಬಿಡಿಸಿದರೆ ಸಾಲದು, ಕೆಳಗಿನ ಫೋಟೋವನ್ನೂ ಬಿಡಿಸಬೇಕು. ಮಸುಕು ಪದರ ಎರಡೂ ಕೆಳಗೆ ಒಟ್ಟಿಗೆ, ವಿವರದ ಪದರ ಎರಡೂ ಮೇಲೆ ಒಂದು ಗ್ರೂಪಿನಲ್ಲಿ. ಆ ಗ್ರೂಪಿನ ಮೋಡ್ Linear Light, ಒಳಗಿನ ಲೇಯರುಗಳದ್ದು Normal. ಗ್ರೂಪ್ ಫೋಟೋದ ಚಿಕ್ಕ ಮುಖಕ್ಕೆ ಇಷ್ಟೆಲ್ಲ ಬೇಡ. ಕ್ಲೋಸ್‌ಅಪ್‌ನಲ್ಲಿ ಮಾತ್ರ ಶ್ರಮಕ್ಕೆ ಬೆಲೆ ಸಿಗುತ್ತದೆ.

ಪೈಥಾನ್‌ನಲ್ಲಿ ಮಾಡ್ತಿದ್ದೀನಿ. ಮಾಸ್ಕನ್ನು ಬ್ಲರ್ ಮಾಡಿದ ತಕ್ಷಣ ಹಳೇ ಹಿನ್ನೆಲೆ ಅಂಚಿಗೆ ಬರುತ್ತೆ.

ಬ್ಲರ್ ಎರಡೂ ಕಡೆಗೆ ಹರಡುತ್ತದೆ. ಮುಖದ ಹೊರಗೂ ಮಾಸ್ಕ್ ಬೂದಾಗುವುದರಿಂದ ಹೊರಗಿನ ಹಿನ್ನೆಲೆಯೂ ಅರೆಬರೆ ಬರುತ್ತದೆ. ಮೊದಲು ಮಾಸ್ಕನ್ನು ಕುಗ್ಗಿಸಿ, ಆಮೇಲೆ ಬ್ಲರ್ ಮಾಡಿ. ಬ್ಲರ್‌ನ ಸಿಗ್ಮಾ 6 ಇದ್ದರೆ ಅದರ ಎರಡು ಪಟ್ಟು, ಅಂದರೆ 12 ಪಿಕ್ಸೆಲ್ ಕುಗ್ಗಿಸಿದರೆ ಮಸುಕು ಬಹುಪಾಲು ಒಳಗೇ ಉಳಿಯುತ್ತದೆ. 25 ಅಗಲದ ಕರ್ನೆಲ್ ಪ್ರತಿ ಕಡೆಯಿಂದ 12 ಪಿಕ್ಸೆಲ್ ತಿನ್ನುತ್ತದೆ.

```python
import cv2
import numpy as np

k = np.ones((25, 25), np.uint8)
m = cv2.erode(mask, k)
m = cv2.GaussianBlur(m, (0, 0), 6)
a = (m / 255.0)[..., None]
out = (face * a + base * (1 - a)).astype(np.uint8)
```

ಇಲ್ಲಿ `mask` ಒಂದೇ ಚಾನೆಲ್‌ನದ್ದು, `face` ಮತ್ತು `base` ಒಂದೇ ಅಳತೆಯವು.

`cv2.seamlessClone` ಇದೆಯಲ್ಲ, ಇದೆಲ್ಲ ಯಾಕೆ?

2003ರಲ್ಲಿ ಪೆರೆಜ್, ಗಾಂಗ್ನೆ, ಬ್ಲೇಕ್ ಎಂಬ ಮೂವರು ಪ್ರಕಟಿಸಿದ ವಿಧಾನ ಅದು. ತಂದ ಮುಖದಿಂದ ಏರಿಳಿತವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬಣ್ಣವನ್ನು ಅಂಚಿನಲ್ಲಿರುವ ಕೆಳಗಿನ ಫೋಟೋದಿಂದ ತೆಗೆದುಕೊಂಡು ಒಳಗೆ ಹರಡುತ್ತದೆ. ಅಂಚು ಪೂರ್ತಿ ಚರ್ಮದ ಮೇಲೇ ಓಡಿದರೆ ಫಲಿತಾಂಶ ನಿಜಕ್ಕೂ ಚೆನ್ನಾಗಿರುತ್ತದೆ.

ಆದರೆ ಅಂಚು ಒಂದು ಕಡೆ ಕಪ್ಪು ಕೂದಲನ್ನೋ ಗದ್ದದ ನೆರಳನ್ನೋ ಮುಟ್ಟಿದರೆ ಆ ಕಪ್ಪು ಮುಖದೊಳಗೆ ಸೋರುತ್ತದೆ. ಕೆನ್ನೆಯ ಮೇಲೆ ಮಸಿ ಒರೆಸಿದ ಹಾಗೆ ಆಗುತ್ತದೆ. ಹೀಲಿಂಗ್ ಬ್ರಷ್ಷನ್ನು ಕೂದಲಿನ ಹತ್ತಿರ ಎಳೆದವರಿಗೆ ಈ ಮಸಿ ಚೆನ್ನಾಗಿ ಗೊತ್ತಿರುತ್ತದೆ. ಅಂದರೆ ಅದನ್ನು ಬಳಸಿದರೂ ಅಂಚು ಎಲ್ಲಿ ಓಡಬೇಕು ಅನ್ನುವುದನ್ನು ನೀವೇ ನಿರ್ಧರಿಸಬೇಕು.

ಗಂಟೆಗಟ್ಟಲೆ ನೋಡಿ ನೋಡಿ ಕಣ್ಣೇ ಸೋತಿದೆ. ಗೆರೆ ಹೋಗಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ, ಆ ಕರ್ವಿನ ಗೆರೆಯನ್ನು ಎರಡು ಮೂರು ಸಲ ಮೇಲೆ ಕೆಳಗೆ ಅಲೆಯ ಹಾಗೆ ಎಳೆಯಿರಿ. ಫೋಟೋ ವಿಚಿತ್ರ ಬಣ್ಣಕ್ಕೆ ತಿರುಗುತ್ತದೆ. ಚರ್ಮದಲ್ಲಿ ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸವೂ ಆಗ ಪಟ್ಟೆ ಪಟ್ಟೆಯಾಗಿ ಎದ್ದು ನಿಲ್ಲುತ್ತದೆ. ಆ ಪಟ್ಟೆ ಮಾಸ್ಕಿನ ಆಕಾರವನ್ನೇ ಹಿಡಿದಿದ್ದರೆ ಇನ್ನೂ ಕೆಲಸ ಇದೆ. ಮುಖದ ಉಬ್ಬುತಗ್ಗಿನ ಜೊತೆ ಹೋಗುತ್ತಿದ್ದರೆ ಅದು ಬೆಳಕಿನದ್ದು, ಬಿಟ್ಟುಬಿಡಿ. ನೋಡಿದ ಮೇಲೆ ಆ ಲೇಯರ್ ತೆಗೆಯುವುದನ್ನು ಮರೆಯಬೇಡಿ, ಒಮ್ಮೆ ಲ್ಯಾಬಿನಿಂದ ನನಗೆ ಫೋನ್ ಬಂದಿತ್ತು.

ಇನ್ನೊಂದು, ಫೋಟೋವನ್ನು ಎಡಬಲ ತಿರುಗಿಸಿ ನೋಡಿ. ಕಣ್ಣಿಗೆ ಅಭ್ಯಾಸವಾಗಿದ್ದು ಹೊಸದಾಗಿ ಕಾಣುತ್ತದೆ. ಆಮೇಲೆ ಪ್ರಿಂಟ್ ಆಗುವಷ್ಟೇ ಅಳತೆಯಲ್ಲಿ, ಕೈಯಳತೆ ದೂರದಿಂದ ನೋಡಿ. 400ಕ್ಕೆ ಜೂಮ್ ಮಾಡಿದಾಗ ಮಾತ್ರ ಕಾಣುವ ಗೆರೆಯ ಮೇಲೆ ಅರ್ಧ ಗಂಟೆ ಕೂರಬೇಡಿ. ಕೊನೆಗೆ ಮನೆಯಲ್ಲಿ ಯಾರನ್ನಾದರೂ ಕರೆದು ಫೋಟೋ ತೋರಿಸಿ. ಏನು ಬದಲಿಸಿದ್ದೀರಿ ಅಂತ ಹೇಳಬೇಡಿ, ಸುಮ್ನೆ ತೋರಿಸಿ. ನನ್ನ ಹೆಂಡತಿ ಅಜ್ಜಿಯ ಫೋಟೋ ನೋಡಿ ಅಜ್ಜಿಯ ಬಗ್ಗೆ ಏನೂ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಮೂಗು ಕೆರೆದುಕೊಳ್ಳುತ್ತಿದ್ದ ಹುಡುಗನನ್ನು ತೋರಿಸಿ, ಇವನನ್ನು ಹೀಗೇ ಬಿಡ್ತೀರಾ ಅಂದಳು.